ತಲೆನೋವಿಗೆ ಮಾತ್ರೆ ಕೇಳುವಾಗ ಔಷಧದ ಹೆಸರು ಹಿಡಿದು ಕೇಳಿ

ವಿಜಯನಗರದ ನಮ್ಮ ಔಷಧಿ ಅಂಗಡಿಯಲ್ಲಿ ದಿನವೂ ಕೇಳಿಬರುವ ಮಾತು: "ತಲೆನೋವಿಗೆ ಏನಾದರೂ ಒಂದು ಮಾತ್ರೆ ಕೊಡಿ." ಆ 'ಏನಾದರೂ' ನನಗೆ ದಿಗಿಲು ಹುಟ್ಟಿಸುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಆಸ್ಪಿರಿನ್ ಮೂರೂ ಸಾಧಾರಣ ತಲೆನೋವನ್ನು ತಗ್ಗಿಸುತ್ತವೆ, ನಿಜ. ಆದರೆ ಹೆಚ್ಚಾದಾಗ ಮೊದಲನೆಯದು ಪೆಟ್ಟು ಕೊಡುವುದು ಯಕೃತ್ತಿಗೆ. ಉಳಿದೆರಡು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಬಳಲಿಸುತ್ತವೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ.

ಕಳೆದ ಮಳೆಗಾಲದಲ್ಲಿ ಒಬ್ಬ ಯುವಕ ಬಂದಿದ್ದರು. ಜ್ವರ, ಕಣ್ಣುಗುಡ್ಡೆಯ ಹಿಂದೆ ಸಿಡಿಯುವ ನೋವು. ಹಿಂದಿನ ದಿನದಿಂದ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ನಾಲ್ಕು ಬಾರಿ, ಜೊತೆಗೆ ನೆಗಡಿ ಮಾತ್ರೆ ಮೂರು ಬಾರಿ ನುಂಗಿದ್ದರು. ನೆಗಡಿ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ತೋರಿಸಿದೆ: ಸಣ್ಣ ಅಕ್ಷರದಲ್ಲಿ ಪ್ಯಾರಾಸಿಟಮಾಲ್ 500. ಅಲ್ಲಿಗೆ 2600, ಇಲ್ಲಿಗೆ 1500, ಒಟ್ಟು 4100. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳ ಗರಿಷ್ಠ ಮಿತಿಯೇ 4000. ದಿನವೂ ಮದ್ಯ ಸೇವಿಸುವವರು, ಯಕೃತ್ತಿನ ಕಾಯಿಲೆಯವರು, ತೂಕ 50 ಕಿಲೋಗಿಂತ ಕಡಿಮೆ ಇರುವವರು ಅದಕ್ಕಿಂತ ಕೆಳಗೇ ನಿಲ್ಲಬೇಕು. ಇದರ ಕ್ರೂರತನವೆಂದರೆ, ಮಿತಿ ಮೀರಿದ ಮೊದಲ ದಿನ ವಾಕರಿಕೆಯಷ್ಟೇ ಇರಬಹುದು, ಅದೂ ಇಲ್ಲದಿರಬಹುದು. ಆದ್ದರಿಂದ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಪ್ರತಿವಿಷವಿದೆ, ಬೇಗ ಕೊಟ್ಟಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ.

ಅವರು ಅಂದು ಕೇಳಿದ್ದು ಐಬುಪ್ರೊಫೆನ್ ಬೆರೆತ, ಇನ್ನೂ 'ಗಟ್ಟಿ' ಮಾತ್ರೆಯನ್ನು. ನಾನು ಕೊಡಲಿಲ್ಲ. ಅದರಲ್ಲಿಯೂ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಅದಕ್ಕಿಂತ ಮಿಗಿಲಾಗಿ, ಬೆಂಗಳೂರಿನ ಮಳೆಗಾಲದ ಜ್ವರ ಡೆಂಗಿ ಆಗಿರಬಹುದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ. ಐಬುಪ್ರೊಫೆನ್, ಆಸ್ಪಿರಿನ್ ಎರಡೂ ಉಳಿದ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಜ್ವರದ ಕಾರಣ ತಿಳಿಯುವವರೆಗೆ ಮಿತಿಯೊಳಗಿನ ಪ್ಯಾರಾಸಿಟಮಾಲ್ ಒಂದೇ ಸರಿ. ಅವರಿಗಂತೂ ಆ ಹೊತ್ತಿಗೆ ಅದೂ ಬೇಡವಾಗಿತ್ತು. ನುಂಗಿದ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಟ್ಟು ನೇರವಾಗಿ ಆಸ್ಪತ್ರೆಗೆ ಕಳುಹಿಸಿದೆ.

ಜ್ವರವಿಲ್ಲದ ತಲೆನೋವಿಗೆ, ಅದರಲ್ಲೂ ಮೈಗ್ರೇನ್‌ಗೆ, ಐಬುಪ್ರೊಫೆನ್ ಒಳ್ಳೆಯ ಔಷಧವೇ. ಊಟದ ನಂತರ 400 ಮಿಲಿಗ್ರಾಂ. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 1200 ದಾಟಬಾರದು. ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು, ನೋವಿನ ಮಾತ್ರೆಯಿಂದ ಉಬ್ಬಸ ಕೆರಳುವವರು ತಾವಾಗಿಯೇ ಇದನ್ನು ನುಂಗಬಾರದು.

ಆಸ್ಪಿರಿನ್ ಬಗ್ಗೆ ಹಿರಿಯರಿಗೆ ಒಂದು ಮಾತು. ಹೃದಯಕ್ಕೆಂದು ನೀವು ತೆಗೆದುಕೊಳ್ಳುವ 75 ಮಿಲಿಗ್ರಾಂನದು ನೋವಿನ ಮಾತ್ರೆಯಲ್ಲ. ತಲೆನೋವಿಗೆ ಬೇಕಾಗುವ ಪ್ರಮಾಣ 300ರಿಂದ ಮೇಲೆ. ಅದರ ಜೊತೆ ಐಬುಪ್ರೊಫೆನ್ ನುಂಗಿದರೆ ಆಸ್ಪಿರಿನ್ ಹೃದಯಕ್ಕೆ ನೀಡುವ ರಕ್ಷಣೆ ಕುಂದಬಹುದು, ಹೊಟ್ಟೆಯ ರಕ್ತಸ್ರಾವದ ಅಪಾಯವೂ ಏರುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ಅಂದೇ ವೈದ್ಯರನ್ನು ಕಾಣಿ. ಇನ್ನು 16 ವರ್ಷದೊಳಗಿನ ಮಕ್ಕಳಿಗೆ ಮನೆಯಲ್ಲಿ ಆಸ್ಪಿರಿನ್ ಕೊಡಲೇಬೇಡಿ: ವೈರಲ್ ಜ್ವರದ ವೇಳೆ ಅದು ಮಿದುಳು, ಯಕೃತ್ತುಗಳನ್ನು ಊದಿಸುವ ರೈ ಸಿಂಡ್ರೋಮ್‌ಗೆ ದಾರಿ ಮಾಡಬಲ್ಲದು.