ಒತ್ತಡವಿಲ್ಲದೆ ಕೆಲಸ ಮಾಡಿ

ಪೀಣ್ಯದ ಕಾರ್ಖಾನೆಯೊಂದಕ್ಕೆ ತಗಡು ಬಗ್ಗಿಸುವ ಜರ್ಮನ್ ಯಂತ್ರವೊಂದು ಬಂದಿಳಿಯಿತು. ಷಾಪ್‌ನಲ್ಲಿ ಅದಕ್ಕೆ ಪ್ರೆಸ್ ಬ್ರೇಕ್ ಎನ್ನುತ್ತಾರೆ. ತನ್ನ ದೇಶದಲ್ಲಿ ಹಲವು ವರ್ಷ ದುಡಿದು, ನಿವೃತ್ತಿಯ ನಂತರ ನಮ್ಮಲ್ಲಿ ಎರಡನೆಯ ಉದ್ಯೋಗ ಹಿಡಿದ ಯಂತ್ರವಾದ್ದರಿಂದ ಅದರ ಮೈಮೇಲಿದ್ದ ಎಚ್ಚರಿಕೆಯ ಫಲಕಗಳೆಲ್ಲ ಜರ್ಮನ್ ಭಾಷೆಯಲ್ಲಿಯೇ ಇದ್ದವು. ಐಟಿಐ ಮುಗಿಸಿ ತರಬೇತಿಗೆ ಬಂದ ಹುಡುಗ ಹುಡುಗಿಯರಿಗೆ ಅವನ್ನು ಕನ್ನಡಕ್ಕೆ ತರಬೇಕೆಂದು ಆಡಳಿತ ವರ್ಗ ಒಂದು ಸಮಿತಿಯನ್ನು ರಚಿಸಿತು. ಕನ್ನಡ ಬರುತ್ತದೆ ಎಂಬ ಆರೋಪದ ಮೇಲೆ ನನ್ನನ್ನೂ ಅದಕ್ಕೆ ಸೇರಿಸಿದರು.

ಸಮಿತಿಗೆ ಒಂದೇ ಒಂದು ನಿಯಮವಿತ್ತು: ಯಾವ ಸೂಚನೆಯೂ ಮೂರು ಪದಗಳನ್ನು ಮೀರಬಾರದು. ಈಗಿನ ಮಕ್ಕಳು ಉದ್ದದ್ದನ್ನು ಓದುವುದಿಲ್ಲ ಎಂಬುದು ಒಂದು ಕಾರಣ. ಮೂರು ಅಂಗುಲ ಅಗಲದ ಸ್ಟಿಕ್ಕರ್‌ಗಳಿಗೆ ಆಗಲೇ ಆರ್ಡರ್ ಕೊಟ್ಟಾಗಿದೆ ಎಂಬುದು ನಿಜವಾದ ಕಾರಣ. ಈ ನಿಯಮದ ಬಗ್ಗೆ ನಾನು ಮೆಲ್ಲಗೆ ಗೊಣಗಿದಾಗ ಹಿರಿಯ ಸದಸ್ಯರೊಬ್ಬರು ಮೂಲ ಫಲಕವೊಂದನ್ನು ತೋರಿಸಿ, "ನೋಡಿ ಸ್ವಾಮಿ, ಜರ್ಮನ್ನರು ಒಂದೇ ಪದದಲ್ಲಿ ಹೇಳಿದ್ದಾರೆ. ನಿಮಗೆ ಮೂರು ಕೊಟ್ಟಿದ್ದೇವೆ" ಎಂದರು. ಜರ್ಮನ್ನರು ಹಲವು ಪದಗಳನ್ನು ಸೇರಿಸಿ ಅಂಟು ಹಾಕಿ ಒಂದು ಮಾಡುತ್ತಾರೆಂಬುದು ಸಮಿತಿಗೆ ತಿಳಿದಿರಲಿಲ್ಲ. 'ರೆಸ್ಟ್‌ಷ್ಪಾನುಂಗ್' ಎಂಬ ಒಂದು ಪದದಲ್ಲಿ ಎರಡು ಪದಗಳಿವೆ: ಸ್ವಿಚ್ ಆಫ್ ಮಾಡಿದ ಮೇಲೂ ಒಳಗೆ ಉಳಿದಿರುವ ವೋಲ್ಟೇಜು ಎಂದು ಅದರ ಅರ್ಥ. ಇದು ತಿಳಿದೊಡನೆ ಸಮಿತಿಯ ಪಂಡಿತರಿಗೆ ಹುರುಪು ಬಂತು. ಸಂಧಿ ಸಮಾಸಗಳಲ್ಲಿ ನಾವು ಯಾರಿಗೆ ಕಡಿಮೆ ಎಂದು ಅವರು ಅರ್ಧ ಗಂಟೆಯಲ್ಲಿ 'ಅವಶಿಷ್ಟವಿಭವಾಂತರಾಪಾಯ' ಎಂಬ ಪದವನ್ನು ಕಟ್ಟಿ ಮುಂದಿಟ್ಟರು. ಸವರ್ಣದೀರ್ಘ ಸಂಧಿಗೆ ಒಳ್ಳೆಯ ಉದಾಹರಣೆ. ಕರೆಂಟು ಹೊಡೆಯುತ್ತದೆ ಎಂಬುದು ಮಾತ್ರ ಅದರಿಂದ ಯಾರಿಗೂ ತಿಳಿಯುವಂತಿರಲಿಲ್ಲ.

ಮೊದಲ ಅನುವಾದ ಕೆಂಪು ಗುಂಡಿಯದು. ಹಳದಿ ಹಿನ್ನೆಲೆಯ ಮೇಲೆ ಅಣಬೆಯಂತೆ ಎದ್ದು ನಿಂತ ಆ ಗುಂಡಿಯ ಪಕ್ಕದಲ್ಲಿ 'ನೋಟ್-ಹಾಲ್ಟ್' ಎಂದು ಬರೆದಿತ್ತು. ಜರ್ಮನ್ನಿನಲ್ಲಿ 'ನೋಟ್' ಎಂದರೆ ಆಪತ್ತು, ಆಪತ್ತಿನಲ್ಲಿ ನಿಲ್ಲಿಸುವ ಗುಂಡಿ ಅದು. ಆದರೆ ಆ ಮೂರು ರೋಮನ್ ಅಕ್ಷರಗಳನ್ನು ಇಂಗ್ಲಿಷ್ ಕಲಿತ ಯಾವ ಭಾರತೀಯನೂ 'ನಾಟ್' ಎಂದೇ ಓದುತ್ತಾನೆ. ನಮ್ಮ ಅನುವಾದಕರು ಹಾಗೆಯೇ ಓದಿ 'ನಿಲ್ಲಿಸಬಾರದು' ಎಂದು ಬರೆದರು. ನಿಯಮಕ್ಕಿಂತ ಎರಡು ಪದ ಉಳಿಸಿದ್ದಕ್ಕಾಗಿ ಅವರಿಗೆ ಮೆಚ್ಚುಗೆಯೂ ಸಿಕ್ಕಿತು. ಉತ್ಪಾದನಾ ವಿಭಾಗದ ಮುಖ್ಯಸ್ಥರಂತೂ, ಕಾರ್ಖಾನೆಯ ಧ್ಯೇಯವಾಕ್ಯವನ್ನು ಜರ್ಮನ್ನರೇ ಯಂತ್ರದ ಮೇಲೆ ಬರೆದು ಕಳುಹಿಸಿದ್ದಾರೆಂದು ಸಂತೋಷಪಟ್ಟರು.

ತಪ್ಪು ಗೊತ್ತಾದ ಮೇಲೆ ಅದನ್ನು 'ತುರ್ತು ನಿಲುಗಡೆ' ಎಂದು ತಿದ್ದಲಾಯಿತು. ಬಸ್ಸಿಗಾಗಿ ಕಾಯುವ ಜಾಗಕ್ಕೆ ಬಳಸುವ ಮಾತು ಎಂಬ ಸಣ್ಣ ತಕರಾರನ್ನು ನಾನು ನುಂಗಿಕೊಂಡೆ, ಏಕೆಂದರೆ ಅದಕ್ಕಿಂತ ದೊಡ್ಡ ತಕರಾರು ಬೇರೆಯಿತ್ತು. ಇದೇ ಯಂತ್ರದ ಹಿಂಬದಿಯ ಪ್ಯಾನೆಲ್ಲಿನ ಮೇಲೆ 'ನೋಟ್-ಔಸ್' ಎಂಬ ಇನ್ನೊಂದು ಗುಂಡಿಯಿದೆ. ಮೊದಲನೆಯದು ಚಲನೆಯನ್ನು ನಿಲ್ಲಿಸುತ್ತದೆ. ಎರಡನೆಯದು ವಿದ್ಯುತ್ತನ್ನು ಕಡಿಯುತ್ತದೆ. ಮೊದಲನೆಯದನ್ನು ಒತ್ತಿದಾಗ ಯಂತ್ರದ ತೋಳು ನಿಂತೀತು, ಆದರೆ ಪ್ಯಾನೆಲ್ಲಿನ ತಂತಿಗಳಲ್ಲಿ ಕರೆಂಟು ಹಾಗೆಯೇ ಇರಬಹುದು. ಈ ವ್ಯತ್ಯಾಸ ಜರ್ಮನ್ನಿನಲ್ಲಿ ಒಂದು ಪದದಲ್ಲಿದೆ. ನಮ್ಮ ಎರಡು ಗುಂಡಿಗಳ ಮೇಲೆಯೂ 'ತುರ್ತು ನಿಲುಗಡೆ' ಎಂದೇ ಇದೆ, ಏಕೆಂದರೆ ಅಚ್ಚಿನ ಅಂಗಡಿಯವನು ಒಂದೇ ಬರಹದ ನೂರು ಸ್ಟಿಕ್ಕರ್‌ಗಳಿಗೆ ರಿಯಾಯಿತಿ ಕೊಡುತ್ತಾನೆ.

ಹೈಡ್ರಾಲಿಕ್ ಘಟಕದ ಬಳಿಯ ಫಲಕಕ್ಕೆ ಸಿಕ್ಕ ಕೀರ್ತಿ ಉಳಿದ ಯಾವುದಕ್ಕೂ ಸಿಗಲಿಲ್ಲ. ಅಲ್ಲಿ ಅಕ್ಯುಮುಲೇಟರ್ ಎಂಬ ಉಕ್ಕಿನ ಸಿಲಿಂಡರ್ ಇದೆ. ಅದರೊಳಗೆ ಒಂದು ಕಡೆ ನೈಟ್ರೋಜನ್ ಅನಿಲ, ಇನ್ನೊಂದು ಕಡೆ ಎಣ್ಣೆ. ಪಂಪು ನಿಂತ ಮೇಲೂ ಆ ಅನಿಲವು ಎಣ್ಣೆಯನ್ನು ಅದುಮಿ ಹಿಡಿದೇ ಇರುತ್ತದೆ. ಆಗ ಯಾರಾದರೂ ಪೈಪಿನ ನಟ್ಟು ಸಡಿಲಿಸಿದರೆ ಎಣ್ಣೆ ಸೂಜಿಯಂತೆ ಚಿಮ್ಮಿ ಚರ್ಮದೊಳಕ್ಕೇ ಹೋಗುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕೆಯಷ್ಟು ಗಾಯ, ಒಳಗೆ ಆಗುವುದು ಬೆರಳನ್ನೇ ಕಳೆದುಕೊಳ್ಳಬೇಕಾದೀತೆಂಬಷ್ಟು ಹಾನಿ. ಆದ್ದರಿಂದ ಮೂಲ ಫಲಕವು, ಕೆಲಸ ಶುರು ಮಾಡುವ ಮೊದಲು ಒಳಗಿನ ಒತ್ತಡವನ್ನು ಪೂರ್ತಿ ಇಳಿಸಿಕೊಳ್ಳಿರಿ ಎಂದು ಹೇಳುತ್ತಿತ್ತು. ವಾಲ್ವ್ ತೆರೆದು ಎಣ್ಣೆಯನ್ನು ಟ್ಯಾಂಕಿಗೆ ಬಿಡಬೇಕು, ಗೇಜಿನ ಮುಳ್ಳು ಸೊನ್ನೆಗೆ ಬಂದದ್ದನ್ನು ಕಣ್ಣಾರೆ ನೋಡಬೇಕು, ಆಮೇಲೆ ಸ್ಪ್ಯಾನರ್ ಹಿಡಿಯಬೇಕು. ಇಷ್ಟೆಲ್ಲವನ್ನೂ ಸಮಿತಿ ಮೂರು ಪದಗಳಿಗೆ ಇಳಿಸಿತು: 'ಒತ್ತಡವಿಲ್ಲದೆ ಕೆಲಸ ಮಾಡಿ.'

ಇದನ್ನು ಓದಿದ ತರಬೇತಿಯ ಹುಡುಗರು ಇಷ್ಟು ಮೃದು ಹೃದಯದ ಕಂಪನಿ ತಮಗೆ ಸಿಕ್ಕಿತಲ್ಲ ಎಂದು ಭಾವುಕರಾದರು. ಮಾನವ ಸಂಪನ್ಮೂಲ ವಿಭಾಗದವರು ಅದೇ ವಾಕ್ಯವನ್ನು ಕ್ಯಾಂಟೀನಿನ ಗೋಡೆಗೂ ಬರೆಸಿದರು. ಕ್ಯಾಂಟೀನಿನಲ್ಲಿ ಅದು ನಿರುಪದ್ರವಿ.

ಎಲ್ಲಕ್ಕಿಂತ ಹೆಚ್ಚು ಚರ್ಚೆ ನಡೆದದ್ದು ವಿದ್ಯುತ್ ಪ್ಯಾನೆಲ್ಲಿನ ಬಾಗಿಲ ಮೇಲಿನ ಫಲಕದ ಬಗ್ಗೆ. ಅದರ ಒಳಗೆ ಮೋಟಾರನ್ನು ನಡೆಸುವ ಡ್ರೈವ್ ಇದೆ, ಡ್ರೈವಿನೊಳಗೆ ದಪ್ಪ ದಪ್ಪ ಕೆಪಾಸಿಟರ್‌ಗಳಿವೆ. ನಮ್ಮ 415 ವೋಲ್ಟಿನ ತ್ರೀ ಫೇಸ್ ಕರೆಂಟು ಅಲ್ಲಿ ಡಿ.ಸಿ. ಆಗಿ ಸುಮಾರು 585 ವೋಲ್ಟಿನಲ್ಲಿ ಕೂಡಿಕೊಂಡಿರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿದ ಕ್ಷಣದಲ್ಲಿ ದೀಪಗಳೆಲ್ಲ ಆರುತ್ತವೆ, ಫ್ಯಾನು ನಿಲ್ಲುತ್ತದೆ, ಆದರೆ ಕೂಡಿಟ್ಟದ್ದು ಕರಗುವುದಕ್ಕೆ ಹೊತ್ತು ಹಿಡಿಯುತ್ತದೆ. ಯಂತ್ರಗಳ ವಿದ್ಯುತ್ ವ್ಯವಸ್ಥೆಗೆ ಜಗತ್ತಿನ ಹಲವೆಡೆ ಅನುಸರಿಸುವ ಮಾನದಂಡದ ಪ್ರಕಾರ, ಹೀಗೆ ಉಳಿದ ವೋಲ್ಟೇಜು 5 ಸೆಕೆಂಡುಗಳಲ್ಲಿ 60 ವೋಲ್ಟಿಗೆ ಇಳಿಯಬೇಕು. ಇಳಿಸುವುದು ಸಾಧ್ಯವಿಲ್ಲದಿದ್ದರೆ, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಅಳಿಸಲಾಗದ ಫಲಕದಲ್ಲಿ ಬರೆದಿರಬೇಕು. ಅಂದರೆ ಆ ಫಲಕ ಹುಟ್ಟಿದ್ದೇ ಒಂದು ಸಂಖ್ಯೆಯನ್ನು ಹೊರುವುದಕ್ಕಾಗಿ. ನಮ್ಮ ಯಂತ್ರದ ಮೇಲಿದ್ದ ಸಂಖ್ಯೆ 10 ನಿಮಿಷ.

ಸಮಿತಿ ಮಾಡಿದ ಸಂಕ್ಷೇಪದಲ್ಲಿ ಇದ್ದದ್ದು: 'ಎಚ್ಚರಿಕೆ! ವಿದ್ಯುತ್ ಅಪಾಯ.' ಪದಗಳು ಸರಿಯಾಗಿ ಮೂರು. ಹತ್ತು ನಿಮಿಷ ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ, ಅದು ವಿವರ, ವಿವರಗಳನ್ನು ಕೈಪಿಡಿಯಲ್ಲಿ ಓದಿಕೊಳ್ಳಬಹುದು ಎಂಬ ಉತ್ತರ ಬಂತು. ಕೈಪಿಡಿ ಜರ್ಮನ್ ಭಾಷೆಯಲ್ಲಿದೆ, ಮತ್ತು ಮ್ಯಾನೇಜರರ ಬೀರುವಿನಲ್ಲಿದೆ. ಕರೆಂಟು ಅಪಾಯವೆಂಬ ಸಂಗತಿ ಐಟಿಐ ಓದಿದವನಿಗಿರಲಿ, ಮನೆಯಲ್ಲಿ ಮಿಕ್ಸಿ ತಿರುಗಿಸುವ ಅಜ್ಜಿಗೂ ತಿಳಿದಿದೆ. ಅವರಿಗೆ ತಿಳಿಯದೇ ಇರುವುದು, ಆಫ್ ಮಾಡಿದ ಮೇಲೂ ಅಪಾಯ ಹತ್ತು ನಿಮಿಷ ಒಳಗೇ ಕೂತಿರುತ್ತದೆ ಎಂಬುದೊಂದೇ. ಗೊತ್ತಿದ್ದದ್ದನ್ನು ಉಳಿಸಿಕೊಂಡು ಗೊತ್ತಿಲ್ಲದ್ದನ್ನು ಕೈಬಿಡುವ ಈ ಸಂಕ್ಷೇಪ ಕಲೆಯಲ್ಲಿ ನಮ್ಮ ಸಮಿತಿಯನ್ನು ಮೀರಿಸುವವರು ಪಠ್ಯಪುಸ್ತಕಗಳ ಗೈಡ್ ಬರೆಯುವವರು ಮಾತ್ರ.

ಇನ್ನು ಅಚ್ಚಿನ ಕಥೆ. ಜರ್ಮನ್ ನಿಷೇಧದಲ್ಲಿ 'ನಿಷ್ಟ್' ಎಂಬ ನಕಾರ ಎಷ್ಟೋ ಸಲ ಮೊದಲಲ್ಲೇ ಬಂದು ನಿಲ್ಲುತ್ತದೆ. ಫಲಕದ ಬಲಬದಿ ಹರಿದರೂ ಬೇಡವೆಂಬುದು ಉಳಿದಿರುತ್ತದೆ. ಕನ್ನಡದ ನಕಾರ ವಾಕ್ಯದ ಬಾಲದಲ್ಲಿದೆ. ಸಭ್ಯ ಭಾಷೆಯಾದ್ದರಿಂದ ನಾವು ಕಡೆಯವರೆಗೂ ಬೇಡವೆನ್ನುವುದಿಲ್ಲ. 'ಓಡುವಾಗ ಬಾಗಿಲು ತೆರೆಯಬಾರದು' ಎಂಬ ಸೂಚನೆ ಮೂರು ಅಂಗುಲದಲ್ಲಿ ಹಿಡಿಸದೆ ಎರಡು ಸಾಲಾಯಿತು. ಎರಡನೆಯ ಸಾಲಿನ 'ಬಾರದು' ಬಾಗಿಲಂಚಿನ ರಬ್ಬರ್ ಪಟ್ಟಿಯ ಅಡಿಗೆ ಸೇರಿತು. ಹೊರಗೆ ಉಳಿದದ್ದು 'ಓಡುವಾಗ ಬಾಗಿಲು ತೆರೆಯ.' ಅದನ್ನು ಹಳಗನ್ನಡದ ಅಪ್ಪಣೆಯೆಂದು ಓದಿಕೊಂಡ ಒಬ್ಬ ಹುಡುಗನನ್ನು ನಾನೇ ಕಂಡಿದ್ದೇನೆ.

ಸ್ವಿಚ್ಚಿಗೆ ತೂಗುಹಾಕುವ ಫಲಕದ್ದೂ ಇದೇ ಪಾಡು. ಸ್ವಿಚ್ ಹಾಕಬೇಡಿ, ಒಳಗೆ ಜನ ಕೆಲಸ ಮಾಡುತ್ತಿದ್ದಾರೆ ಎಂಬ ಮೂಲವನ್ನು 'ಕೆಲಸ ನಡೆದಿದೆ' ಎಂದು ಸಂಕ್ಷೇಪಿಸಲಾಯಿತು. ಕೆಲಸ ನಡೆಯುತ್ತಾ ಇದೆ ಎಂದೂ ಓದಬಹುದು, ಕೆಲಸ ಆಗಿಹೋಗಿದೆ ಎಂದೂ ಓದಬಹುದು. ಆಗಿಹೋಗಿದೆ ಎಂದು ಓದಿದವನು ಮುಂದೆ ಮಾಡಬೇಕಾದದ್ದು ಸ್ವಿಚ್ ಹಾಕುವುದೇ ತಾನೆ?

ಭಾಷೆಯೇ ಬೇಡದ ಫಲಕಗಳೂ ಯಂತ್ರದ ಮೇಲಿದ್ದವು. ಹಳದಿ ತ್ರಿಕೋನದಲ್ಲಿ ಕಪ್ಪು ಮಿಂಚು, ಇನ್ನೊಂದು ತ್ರಿಕೋನದಲ್ಲಿ ನಜ್ಜುಗುಜ್ಜಾಗುತ್ತಿರುವ ಅಂಗೈ. ರಾಯಚೂರಿನ ಹುಡುಗಿಗೂ ಒಡಿಶಾದಿಂದ ಬಂದ ಹುಡುಗನಿಗೂ ಒಂದೇ ನೋಟಕ್ಕೆ ತಿಳಿಯುವ ಚಿತ್ರಗಳು ಅವು. ಕನ್ನಡ ಸ್ಟಿಕ್ಕರ್‌ಗಳನ್ನು ನೀಟಾಗಿ ಅವುಗಳ ಮೇಲೆಯೇ ಅಂಟಿಸಲಾಯಿತು, ಏಕೆಂದರೆ ಖಾಲಿ ಜಾಗದಲ್ಲಿ ಅಂಟಿಸಿದರೆ ಪೇಂಟ್ ಹಾಳಾಗುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯ 108ನೇ ಕಲಮು, ಕಾಯ್ದೆ ಕೇಳುವ ಸೂಚನಾಪತ್ರಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದಿತು. 'ಅರ್ಥವಾಗುವ' ಎಂಬ ಮಾತು ಆಡಿಟ್ ಪಟ್ಟಿಗೆ ಇಳಿಯುವಾಗ ಉದುರಿಹೋಗಿ, 'ಕನ್ನಡ ಇದೆಯೇ: ಹೌದು / ಇಲ್ಲ' ಎಂದಷ್ಟೇ ಉಳಿಯಿತು. ನಮ್ಮ ಕಾರ್ಖಾನೆಗೆ ಪೂರ್ಣಾಂಕ ಬಂತು.

ಇಷ್ಟಾದರೂ ಯಾರ ಕೈಯೂ ಹೋಗಲಿಲ್ಲವೇಕೆ ಎಂದರೆ, ಮೇಂಟೆನೆನ್ಸಿನಲ್ಲಿ ಒಬ್ಬ ಹಳೆಯ ಫಿಟ್ಟರ್ ಇದ್ದಾರೆ. ಪ್ಯಾನೆಲ್ಲಿಗೆ ಕೈ ಹಾಕಲು ಹೊರಟ ರಾಯಚೂರಿನ ಹುಡುಗಿಯನ್ನು ತಡೆದು ಅವರು, "ತಾಳವ್ವ. ಆಫ್ ಮಾಡಿದ್ದು ನೀನು, ಅದಿನ್ನೂ ಆಫ್ ಆಗಿಲ್ಲ" ಎಂದರು.

"ಎಷ್ಟ್ ಹೊತ್ತು ಕಾಯಬೇಕ್ರೀ ಅಣ್ಣಾ?"

"ಹತ್ತು ನಿಮಿಷ. ಆಮೇಲೂ ನಂಬಬೇಡ. ಒಳಗೆ ಕೂಡಿಟ್ಟದ್ದನ್ನು ಕರಗಿಸುವ ರೆಸಿಸ್ಟರ್ ಸುಟ್ಟಿದ್ದರೆ ಗಡಿಯಾರ ಓಡುತ್ತದೆ, ಕರೆಂಟು ಅಲ್ಲೇ ಇರುತ್ತದೆ. ಮೀಟರನ್ನು ಮೊದಲು ಬದುಕಿರುವ ಲೈನಿಗೆ ಇಟ್ಟು ಸರಿಯಿದೆಯಾ ನೋಡು, ಆಮೇಲೆ ಇಲ್ಲಿ ಪ್ಲಸ್ಸಿಗೂ ಮೈನಸ್ಸಿಗೂ ಇಟ್ಟು ನೋಡು, ಆಮೇಲೆ ಮತ್ತೆ ಆ ಲೈನಿಗೆ ಇಟ್ಟು ನೋಡು."

ಆ ಹುಡುಗಿ ಮಾರ್ಕರ್ ಪೆನ್ನು ತೆಗೆದುಕೊಂಡು ಇದನ್ನೆಲ್ಲ ಪ್ಯಾನೆಲ್ಲಿನ ಬಾಗಿಲ ಮೇಲೆ ದುಂಡಗೆ ಬರೆದಿಟ್ಟಳು: 'ಮೇನ್ ಆಫ್ ಮಾಡಿ 10 ನಿಮಿಷ ಕಾಯ್ರಿ. ಮೀಟರ್ ಇಟ್ಟು ನೋಡ್ರಿ. ಆಮೇಲೆ ಮುಟ್ರಿ.' ಸಮಿತಿ ತುರ್ತು ಸಭೆ ಸೇರಿತು. ಪದಗಳನ್ನು ಎಣಿಸಲಾಗಿ ಹತ್ತು ಬಂದವು, ಸಂಖ್ಯೆಯನ್ನು ಪದವೆಂದು ಲೆಕ್ಕ ಹಿಡಿದರೆ ಹನ್ನೊಂದು ಎಂದು ಒಬ್ಬ ಸದಸ್ಯರು ಭಿನ್ನಮತ ದಾಖಲಿಸಿದರು. ಬರಹವನ್ನು ಥಿನ್ನರ್ ಹಾಕಿ ಒರೆಸಿ, 'ಇಲ್ಲಿ ಏನನ್ನೂ ಬರೆಯಬಾರದು' ಎಂಬ ಹೊಸ ಸ್ಟಿಕ್ಕರ್ ಅಂಟಿಸಲು ಆಜ್ಞೆಯಾಯಿತು. ಮೂರೇ ಪದ, ಮೂರೇ ಅಂಗುಲ. ಎರಡನೆಯ ಸಾಲಿಗೆ ಇಳಿದ 'ಬಾರದು' ಈ ಸಲವೂ ರಬ್ಬರ್ ಪಟ್ಟಿಯ ಅಡಿಗೆ ಹೋಯಿತು, ಮತ್ತು ಮರುದಿನ ಬೆಳಗಿನ ಶಿಫ್ಟಿಗೆ ಬಂದವರು ಹತ್ತು ನಿಮಿಷದ ಲೆಕ್ಕವನ್ನು ಅದರ ಕೆಳಗೇ ಮತ್ತೆ ಬರೆದರು.