ಮುಂಗಡ ಕೊಟ್ಟವರು ಠೇವಣಿ ಕೇಳಬಾರದು

ಬಾಡಿಗೆ ಕರಾರನ್ನು ಯಾರೂ ಬರೆಯುವುದಿಲ್ಲ. ಅದು ಒಬ್ಬರಿಂದ ಒಬ್ಬರಿಗೆ ಕಾಪಿ ಆಗುತ್ತಾ ಬರುತ್ತದೆ. ಹೆಸರು, ತಾರೀಖು, ಬಾಡಿಗೆ ಬದಲಾಗುತ್ತವೆ. ತಪ್ಪುಗಳು ಮಾತ್ರ ಖಾಯಂ ವಾಸಿಗಳು. ಅವನ್ನು ಖಾಲಿ ಮಾಡಿಸಲು ಯಾರಿಂದಲೂ ಆಗಿಲ್ಲ.

ಇಂಥ ಕರಾರಿನ ಐದನೇ ಷರತ್ತು ಹೀಗಿರುತ್ತದೆ: "ಮನೆ ಖಾಲಿ ಮಾಡಿದ 30 ದಿನದೊಳಗೆ ಲಿಖಿತವಾಗಿ ಕೇಳಿದರೆ ಠೇವಣಿ ಹಿಂದಿರುಗಿಸಲಾಗುವುದು."

30 ದಿನದ ಗಡುವು ಯಾರಿಗೆ? 'ದಿನದೊಳಗೆ' ಆದ ಮೇಲೆ ಅಲ್ಪವಿರಾಮ ಹಾಕಿದರೆ, ಗಡುವು ದುಡ್ಡು ಕೊಡುವವರಿಗೆ. ಅದನ್ನೇ 'ಕೇಳಿದರೆ' ಆದ ಮೇಲೆ ಹಾಕಿದರೆ, ಗಡುವು ಕೇಳುವವರಿಗೆ. 31ನೇ ದಿನ ಕೇಳಿದರೆ ದುಡ್ಡು ಹೋಯಿತು ಅಂತಲೇ ವಾದ ಶುರು. ಇನ್ನು 'ಹಿಂದಿರುಗಿಸಲಾಗುವುದು' ಅಂದರೆ ಯಾರು ಹಿಂದಿರುಗಿಸುತ್ತಾರೆ? ಯಾರೂ ಇಲ್ಲ. ಅದು ಮಳೆ ಬಂದ ಹಾಗೆ ತಾನಾಗಿ ಆಗಬೇಕು.

ಇದಕ್ಕೆ ಅಲ್ಪವಿರಾಮ ಮದ್ದಲ್ಲ, ಮುಂದಿನ ಕಾಪಿಯಲ್ಲಿ ಅದು ಉದುರಿಹೋಗುತ್ತದೆ. ವಾಕ್ಯವನ್ನೇ ಒಡೆಯಬೇಕು: "ಬಾಡಿಗೆದಾರರು ಮುಂಗಡವನ್ನು ಲಿಖಿತವಾಗಿ ಕೇಳಬೇಕು. ಮನೆ ಖಾಲಿಯಾದ 30 ದಿನದೊಳಗೆ ಮಾಲೀಕರು ಅದನ್ನು ಕೊಡಬೇಕು."

ಸುಮ್ನೆ ಕೊಂಕು ಅನ್ನಬೇಡಿ. ಕೆನಡಾದಲ್ಲಿ ರೋಜರ್ಸ್ ಮತ್ತು ಅಲಿಯಂಟ್ ಕಂಪನಿಗಳು ಕೇಬಲ್ ಕಟ್ಟುವ ಕಂಬಗಳ ಒಪ್ಪಂದಕ್ಕೆ ಹೀಗೇ ಕಿತ್ತಾಡಿದವು. ಮೊದಲ ಐದು ವರ್ಷದೊಳಗೇ ಒಪ್ಪಂದ ಮುರಿಯಬಹುದು ಅಂತ 2006ರಲ್ಲಿ ಅಲ್ಲಿನ ದೂರಸಂಪರ್ಕ ಆಯೋಗ ಒಂದೇ ಒಂದು ಅಲ್ಪವಿರಾಮ ನೋಡಿ ಹೇಳಿತು. 2007ರಲ್ಲಿ ಅದೇ ಒಪ್ಪಂದದ ಫ್ರೆಂಚ್ ಪ್ರತಿ ಓದಿ ತನ್ನ ತೀರ್ಪನ್ನು ತಾನೇ ತಿರುಗಿಸಿತು.

ಮೇಲಿನ ತಿದ್ದುಪಡಿಯಲ್ಲಿ 'ಠೇವಣಿ' ಹೋಗಿ 'ಮುಂಗಡ' ಬಂದಿದ್ದು ಗಮನಿಸಿದಿರಾ? ಮೊದಲ ಪುಟದಲ್ಲಿ "ಈ ಹಣವನ್ನು ಇನ್ನು ಮುಂದೆ 'ಮುಂಗಡ' ಎಂದು ಕರೆಯಲಾಗುವುದು" ಅಂತ ನಾಮಕರಣ ಆಗಿರುತ್ತದೆ. ಐದನೇ ಷರತ್ತಿಗೆ ಬರುವಷ್ಟರಲ್ಲಿ ಅದು 'ಠೇವಣಿ'. ಒಂಬತ್ತರಲ್ಲಿ ದುರಸ್ತಿ ಖರ್ಚು ಮುರಿದುಕೊಳ್ಳುವುದು 'ಭದ್ರತಾ ಹಣ'ದಿಂದ. ಕೊಟ್ಟಿದ್ದು ಒಂದೇ ಗಂಟು, ಹೆಸರು ಮೂರು. ನ್ಯಾಯಾಧೀಶರು ಮೂರೂ ಒಂದೇ ಅನ್ನಬಹುದು. ಆದರೆ ಅಲ್ಲಿಯವರೆಗೆ "ನೀವು ಕೊಟ್ಟಿದ್ದು ಮುಂಗಡ, ಠೇವಣಿ ಎಲ್ಲಿ ಕೊಟ್ರಿ?" ಅನ್ನುವ ಮಾತು ಕೇಳಬೇಕಲ್ವಾ?

ಕಂಡುಹಿಡಿಯುವುದು ಸುಲಭ. ಹೆಸರಿಟ್ಟ ಪ್ರತಿ ಪದವನ್ನೂ ಫೈಲಿನಲ್ಲಿ ಹುಡುಕಿ. ಮೊದಲ ಪುಟದಲ್ಲಿ ಮಾತ್ರ ಸಿಕ್ಕರೆ, ಒಳಗೆ ಅದು ವೇಷ ಬದಲಿಸಿದೆ ಅಂತ ಅರ್ಥ.

ಇನ್ನೊಂದು ಷರತ್ತು: "ಹಾಳಾದ ನಲ್ಲಿ, ಸ್ವಿಚ್ ಮತ್ತು ಬಾಗಿಲುಗಳನ್ನು ಬಾಡಿಗೆದಾರರು ಬದಲಿಸಬೇಕು." 'ಹಾಳಾದ' ಅನ್ನುವುದು ನಲ್ಲಿಗೆ ಮಾತ್ರ ಸೇರಿದ್ದಾದರೆ, ಗಟ್ಟಿಮುಟ್ಟಾದ ಬಾಗಿಲನ್ನೂ ಕಿತ್ತು ಹೊಸದು ಕೂರಿಸಿ.

ಇಷ್ಟೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕೊಟ್ಟರೆ ಬರುವ ಉತ್ತರ: "ಅಯ್ಯೋ ಸಾರ್, ಎಲ್ರೂ ಇದಕ್ಕೇ ಸೈನ್ ಹಾಕ್ತಾರೆ." ಹಾಕುತ್ತಾರೆ, ನಿಜ. ಯಾರ ಪರವಾಗಿ ಅಂತ ಕೇಳಬಾರದು ಅಷ್ಟೇ. ಎಂಟನೇ ಷರತ್ತಿನಲ್ಲಿ ಒಂದನೇ ಪಾರ್ಟಿ, ಎರಡನೇ ಪಾರ್ಟಿ ಅದಲುಬದಲಾಗಿ, ತಿಂಗಳ ಬಾಡಿಗೆ ಕಟ್ಟಬೇಕಾದವರು ಮಾಲೀಕರೇ ಆಗಿದ್ದಾರೆ.