ಹೊಟ್ಟು ಹಗುರ, ಯಾಕಂದ್ರೆ ಅದು ಹಾರುತ್ತೆ!

ಹೋದ ವಾರ ಆರನೇ ಕ್ಲಾಸಿನ ವಿಜ್ಞಾನದ ಕಿರುಪರೀಕ್ಷೆ ಪೇಪರ್ ತಿದ್ದುತ್ತಾ ಕೂತಿದ್ದೆ. ಪದಾರ್ಥಗಳನ್ನು ಬೇರ್ಪಡಿಸುವ ಪಾಠ. ಭತ್ತ ತೂರುವಾಗ ಹೊಟ್ಟು ಯಾಕೆ ದೂರ ಹೋಗಿ ಬೀಳುತ್ತದೆ ಅನ್ನೋದು ಪ್ರಶ್ನೆ, ಇಂಗ್ಲಿಷಿನಲ್ಲಿ. ಒಬ್ಬ ಹುಡುಗ ಹೀಗೆ ಬರೆದಿದ್ದ: "ಹಸ್ಕ್ ಈಸ್ ಲೈಟ್ ಬಿಕಾಸ್ ಇಟ್ ಫ್ಲೈ." ಅಂದರೆ ಹೊಟ್ಟು ಹಗುರ ಇದೆ, ಯಾಕಂದ್ರೆ ಅದು ಹಾರುತ್ತೆ. ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ ಮುಂದಿನ ಪೇಪರ್ ತಗೊಂಡೆ. ಅದರಲ್ಲೂ ಇದೇ. ಐದಾರು ಪೇಪರ್ ಆದ ಮೇಲೆ ಪೆನ್ನು ಕೆಳಗಿಟ್ಟೆ. ಎಲ್ಲರೂ ಒಂದೇ ಕಡೆ ಎಡವಿದ್ದಾರೆ ಅಂದರೆ ಇದು ಮಕ್ಕಳ ದಡ್ಡತನ ಅಲ್ಲ, ಬೇರೆ ಏನೋ ಇದೆ.

ಮರುದಿನ ಅದೇ ಹುಡುಗನನ್ನು ಕರೆದು ಕೇಳಿದೆ, "ತೂರುವಾಗ ಹೊಟ್ಟು ಯಾಕ ದೂರ ಹೋಗತೈತೋ?" ಅವನು ತಡಮಾಡಲೇ ಇಲ್ಲ. "ಹೊಟ್ಟು ಹಗುರ ಇರತೈತ್ರಿ ಮಿಸ್, ಅದಕ್ಕ ಹಾರತೈತಿ. ಕಾಳು ವಜ್ಜ ಇರತಾವು, ಅಲ್ಲೇ ಬುಡಕ್ಕ ಬೀಳತಾವು. ಗಾಳಿ ಜೋರ್ ಇದ್ರ ಜೊಳ್ಳೂ ಹಾರತಾವ್ರಿ." ಜೊಳ್ಳಿನ ಮಾತು ನಾನು ಪಾಠ ಮಾಡುವಾಗ ಎತ್ತಿರಲೇ ಇಲ್ಲ, ಅದು ಅವನ ಮನೆಯ ತಿಳಿವಳಿಕೆ. ಇವನಿಗೆ ನಾನು ಕೊಟ್ಟಿದ್ದು ಸೊನ್ನೆ.

ನಾನಿರೋದು ಸಿಂಧನೂರು ಕಡೆ. ಐದನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಆರಕ್ಕೆ ಬಂದ ಕೂಡಲೇ ವಿಜ್ಞಾನ, ಗಣಿತ, ಸಮಾಜ ಎಲ್ಲ ಇಂಗ್ಲಿಷಿನಲ್ಲಿ ಓದಬೇಕು. ಬೇಸಿಗೆ ರಜೆ ಒಂದೇ ನಡುವೆ ಇರೋದು. ಆದರ್ಶ ವಿದ್ಯಾಲಯ, ಮೊರಾರ್ಜಿ ವಸತಿ ಶಾಲೆ ಅಂತ ಆರನೇ ಕ್ಲಾಸಿಗೆ ಸೇರುವ ಸಾವಿರಾರು ಮಕ್ಕಳದ್ದೂ ಇದೇ ದಾರಿ ಅಲ್ವಾ. ಇಂಗ್ಲಿಷ್ ಮೀಡಿಯಂ ಬೇಕೋ ಬೇಡವೋ ಅನ್ನೋ ಜಗಳಕ್ಕೆ ನಾನಿಲ್ಲಿ ಬರೋದಿಲ್ಲ. ತಂದೆತಾಯಿ ಕಳಿಸಿದ್ದಾರೆ, ಮಕ್ಕಳು ಬೆಂಚಿನಲ್ಲಿ ಕೂತಿದ್ದಾರೆ, ನಾಳೆ ಬೆಳಗ್ಗೆ ಪಾಠ ಮಾಡಬೇಕು. ಹೇಗೆ ಅನ್ನೋದಷ್ಟೇ ನನ್ನ ತಲೆಬಿಸಿ.

ಆ ಉತ್ತರಕ್ಕೇ ವಾಪಸ್ ಬರ್ತೀನಿ. ಕನ್ನಡದಲ್ಲಿ ನಾವು ಸಾಮಾನ್ಯವಾಗಿ ಹೇಳೋದು ಹೀಗೆ: "ಹೊಟ್ಟು ಹಗುರ ಇರೋದರಿಂದ ಹಾರುತ್ತೆ." ಕಾರಣ ಮೊದಲು, ಆಮೇಲೆ ಆಗಿದ್ದು. ನಡುವಿನ "ರಿಂದ" ಕಾರಣದ ಬಾಲಕ್ಕೆ ಅಂಟಿಕೊಂಡಿರುತ್ತದೆ. ಹುಡುಗ ಈ ವಾಕ್ಯವನ್ನು ತಲೆಯಲ್ಲಿಟ್ಟುಕೊಂಡು ಒಂದೊಂದೇ ಪದ ಬದಲಾಯಿಸಿದ್ದಾನೆ. ಹೊಟ್ಟು ಹಗುರ ಅನ್ನೋದಕ್ಕೆ "ಹಸ್ಕ್ ಈಸ್ ಲೈಟ್", "ರಿಂದ" ಇದ್ದ ಜಾಗಕ್ಕೆ "ಬಿಕಾಸ್", ಹಾರುತ್ತೆ ಅನ್ನೋದಕ್ಕೆ "ಇಟ್ ಫ್ಲೈ". ಅವನ ಲೆಕ್ಕ ಸರಿ. ಆದರೆ ಇಂಗ್ಲಿಷಿನ "ಬಿಕಾಸ್" ತನ್ನ ಹಿಂದಿನ ಮಾತಿಗೆ ಅಂಟೋದಿಲ್ಲ, ಮುಂದಿನದಕ್ಕೆ ಅಂಟುತ್ತದೆ. ಹಾಗಾಗಿ ಕಾರಣ ಯಾವುದು, ಪರಿಣಾಮ ಯಾವುದು ಅನ್ನೋದು ಪೂರ್ತಿ ತಲೆಕೆಳಗಾಯ್ತು. ನಾನದನ್ನು ವಿಜ್ಞಾನದ ತಪ್ಪು ಅಂತ ಓದಿದೆ.

ಇದಕ್ಕೆ ಮದ್ದು ಕನ್ನಡದಲ್ಲೇ ಇದೆ. "ಹೊಟ್ಟು ಹಾರುತ್ತೆ, ಯಾಕಂದ್ರೆ ಅದು ಹಗುರ" ಅಂತಲೂ ನಾವು ಹೇಳ್ತೀವಿ. ಇಲ್ಲಿ "ಯಾಕಂದ್ರೆ" ಕೂರೋದು ಸರಿಯಾಗಿ "ಬಿಕಾಸ್" ಕೂರುವ ಜಾಗದಲ್ಲೇ. ಈಗ ಕಾರಣ ಕೇಳುವ ಪ್ರಶ್ನೆ ಬಂದರೆ ಮಕ್ಕಳಿಗೆ ಮೊದಲು ಕನ್ನಡದಲ್ಲೇ "ಯಾಕಂದ್ರೆ" ಹಾಕಿ ಬಾಯಲ್ಲಿ ಹೇಳಿಸ್ತೀನಿ, ಮೂರ್ನಾಲ್ಕು ಸಲ. ಆಮೇಲೆ ಪೆನ್ನು. ನಮ್ಮ ಕ್ಲಾಸಿನಲ್ಲಿ ಆಂಧ್ರದ ಕಡೆಯಿಂದ ಬಂದ ರೈತರು ನೆಲೆಸಿರುವ ಕ್ಯಾಂಪುಗಳಿಂದ ಬರುವ ತೆಲುಗು ಮನೆಮಾತಿನ ಮಕ್ಕಳಿದ್ದಾರೆ, ಅವರ "ಎಂದುಕಂಟೆ" ಕೂಡ ಇದೇ ಜಾಗದಲ್ಲಿ ಕೂರುತ್ತದೆ. ಅವರವರ ಮನೆಮಾತಿನಲ್ಲೇ ಪಕ್ಕದವರಿಗೆ ಹೇಳಲಿ ಅಂತ ಬಿಡ್ತೀನಿ.

ಹೋಲಿಕೆಯಲ್ಲೂ ಇಂಥದ್ದೇ ಒಂದು ಗುಂಡಿ ಇದೆ. "ಕಾಳಿಗಿಂತ ಹೊಟ್ಟು ಹಗುರ" ಅನ್ನುವಾಗ ನಮ್ಮ "ಗಿಂತ" ಕಾಳಿಗೆ ಅಂಟುತ್ತದೆ, "ಹಗುರ" ಇದ್ದ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ "ಲೈಟ್" ಅನ್ನೋದೇ "ಲೈಟರ್" ಆಗಬೇಕು. ಮಕ್ಕಳು ವರ್ಷಪೂರ್ತಿ "ಲೈಟ್ ದ್ಯಾನ್" ಅಂತಲೇ ಬರೀತಾರೆ. ಇದಕ್ಕೆ ಅಂಕ ಕಳೆಯಬೇಡಿ ಅಂತ ನನ್ನ ಅಭಿಪ್ರಾಯ, ಅರ್ಥ ಕೆಟ್ಟಿಲ್ಲವಲ್ಲ. "ಬಿಕಾಸ್" ತಿರುಗಿ ಕೂತರೆ ಮಾತ್ರ ನಿಲ್ಲಿಸಿ ಕೇಳಬೇಕು.

ಈಗ ಪಾಠದ ವಿಷಯ. ಮೊದಮೊದಲು ನಾನು ಮಾಡುತ್ತಿದ್ದದ್ದು ಎಲ್ಲರೂ ಮಾಡುವುದನ್ನೇ. ಇಂಗ್ಲಿಷಿನಲ್ಲಿ ಒಂದು ಸಾಲು ಓದೋದು, ತಕ್ಷಣ ಅದನ್ನು ಕನ್ನಡದಲ್ಲಿ ಹೇಳೋದು, ಮತ್ತೆ ಮುಂದಿನ ಸಾಲು. ಕ್ಲಾಸು ಶಾಂತವಾಗಿರುತ್ತೆ, ಪೋರ್ಷನ್ ಮುಗಿಯುತ್ತೆ, ಮೇಷ್ಟ್ರಿಗೂ ಸಮಾಧಾನ. ಆದರೆ ಒಂದು ದಿನ ಮಕ್ಕಳ ಮುಖ ನೋಡಿದೆ. ಇಂಗ್ಲಿಷ್ ಸಾಲು ಓದುವಾಗ ಒಬ್ಬ ಪೆನ್ಸಿಲ್ ಕೆತ್ತುತ್ತಿದ್ದಾನೆ, ಇನ್ನೊಬ್ಬಳು ಜಡೆ ಸರಿ ಮಾಡಿಕೊಳ್ಳುತ್ತಿದ್ದಾಳೆ. ಕನ್ನಡ ಶುರುವಾದ ತಕ್ಷಣ ಎಲ್ಲರ ತಲೆ ಮೇಲೆ! ಹೇಗೂ ಕನ್ನಡದಲ್ಲಿ ಬರುತ್ತೆ ಅಂತ ಗೊತ್ತಿದ್ದ ಮೇಲೆ ಇಂಗ್ಲಿಷ್ ಯಾಕೆ ಕೇಳಬೇಕು ಹೇಳಿ. ಅದಕ್ಕೇ ಈಗ ಎರಡು ಭಾಷೆಯನ್ನೂ ಬಳಸ್ತೀನಿ, ಆದರೆ ಸಾಲುಸಾಲಾಗಿ ಕಲಸೋದಿಲ್ಲ.

ಈ ಪಾಠಕ್ಕೆ ಎರಡು ಪೀರಿಯಡ್ ಇಟ್ಟುಕೊಂಡೆ. ಮೊದಲನೆಯದು ಪೂರ್ತಿ ಕನ್ನಡ. ಮನೆಯಿಂದ ಮೊರ, ಸಾಣಿಗೆ, ಹೊಟ್ಟು ಬೆರೆಸಿದ ಭತ್ತ, ಒಂದು ಹಿಡಿ ಕಲ್ಲಕ್ಕಿ, ಒಂದು ಬಾಟಲಿ ಕಾಲುವೆಯ ಕೆಂಪು ನೀರು ತಂದಿದ್ದೆ. ಹೇಗೆ ಬೇರೆ ಮಾಡ್ತೀರಿ, ಮಾಡಿ ತೋರಿಸಿ ಅಂದೆ. ನಮ್ಮ ಕಡೆ ಈಗ ಕಟಾವಿಗೆ ಮಷೀನ್ ಬರೋದರಿಂದ ಕಣದಲ್ಲಿ ಗಾಳಿಗೆ ತೂರೋದನ್ನು ಎಷ್ಟೋ ಮಕ್ಕಳು ಕಂಡಿಲ್ಲ, ಆದರೆ ಅಜ್ಜಿ ಮೊರದಲ್ಲಿ ಕೇರೋದನ್ನು ನೋಡದವರು ಒಬ್ಬರೂ ಇರಲಿಲ್ಲ. ಬೋರ್ಡಿನ ಮೇಲೆ ಮೂರು ಕಾಲಂ ಎಳೆದೆ. ಮೊದಲನೆಯದರಲ್ಲಿ ಮಕ್ಕಳ ಮಾತು: ಹಸನು ಮಾಡೋದು, ಕೇರೋದು, ತೂರೋದು, ಸಾಣಿಸೋದು, ತಿಳಿ ಬಗ್ಗಿಸೋದು. ಎರಡನೆಯದರಲ್ಲಿ ಪುಸ್ತಕದ ಕನ್ನಡ. ಮೂರನೆಯದರಲ್ಲಿ ಇಂಗ್ಲಿಷ್: ಹ್ಯಾಂಡ್‌ಪಿಕಿಂಗ್, ವಿನೋಯಿಂಗ್, ಸಿವಿಂಗ್, ಡಿಕ್ಯಾಂಟೇಶನ್.

ಆ ನಡುವಿನ ಕಾಲಂ ಯಾಕೆ ಅಂತೀರಾ? ಪುಸ್ತಕದಲ್ಲಿ ಒಂದು ಕಡೆ ಇಂಗ್ಲಿಷ್ ಇನ್ನೊಂದು ಕಡೆ ಕನ್ನಡ ಅಚ್ಚು ಹಾಕಿಬಿಟ್ಟರೆ ಮಕ್ಕಳಿಗೆ ಅರ್ಥ ಆಗುತ್ತೆ ಅಂತ ನಾವು ಅಂದುಕೊಂಡಿದ್ದೀವಿ. ಬಾಷ್ಪೀಕರಣ, ಆವಿಯಾಗುವಿಕೆ ಅನ್ನೋದು ಈ ಮಕ್ಕಳಿಗೆ ಇವ್ಯಾಪೊರೇಶನ್‌ನಷ್ಟೇ ಹೊಸದು ಸ್ವಾಮಿ. ನೀರು ಆರೋದು, ಬತ್ತೋದು ಅಂದರೆ ಮಾತ್ರ ಗೊತ್ತು. ಅಲ್ಲೂ ಹುಷಾರಾಗಿರಬೇಕು, ಒಬ್ಬಳು "ಇಂಗೋದು" ಅಂದಳು. ನೆಲಕ್ಕೆ ಇಂಗಿದ ನೀರು ಆವಿ ಆಗಿಲ್ಲ, ಕೆಳಗೆ ಹೋಗಿದೆ. ಈ ವ್ಯತ್ಯಾಸ ಕನ್ನಡದಲ್ಲಿ ಮಾತಾಡಿದ್ದಕ್ಕೆ ಆಚೆ ಬಂತು. ಇಂಗ್ಲಿಷ್ ಪದವನ್ನು ಸುಮ್ನೆ ಬಾಯಿಪಾಠ ಮಾಡಿಸಿದ್ದರೆ ಅವಳ ತಲೆಯಲ್ಲಿ ಇಂಗೋದೇ ಇವ್ಯಾಪೊರೇಶನ್ ಆಗಿ ಉಳಿದುಬಿಡುತ್ತಿತ್ತು.

ಎರಡನೇ ಪೀರಿಯಡ್ ಇಂಗ್ಲಿಷ್. ಹೊಸ ವಿಷಯ ಏನೂ ಇಲ್ಲ, ನಿನ್ನೆ ಮಾಡಿದ್ದೇ. ಬೋರ್ಡಿನ ಮೇಲೆ ಒಂದೇ ಒಂದು ವಾಕ್ಯದ ಚೌಕಟ್ಟು, ನಡುವೆ ಖಾಲಿ ಜಾಗ: "ವಿ ಸಪರೇಟ್ ___ ಫ್ರಮ್ ___ ಬೈ ___ ಬಿಕಾಸ್ ___." ಪಕ್ಕದಲ್ಲಿ "ಲೈಟರ್, ಹೆವಿಯರ್, ಬಿಗರ್, ಸ್ಮಾಲರ್". ಇಬ್ಬಿಬ್ಬರು ಸೇರಿ ಮೊದಲು ಹೇಳಬೇಕು, ಆಮೇಲೆ ಬರೀಬೇಕು. ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಒಬ್ಬರಿಗೊಬ್ಬರು ಕನ್ನಡದಲ್ಲಿ ಕೇಳಿಕೊಳ್ಳಬಹುದು, ದಂಡ ಇಲ್ಲ. ನಾನು ಮಾತ್ರ ಅನುವಾದ ಮಾಡೋದಿಲ್ಲ, ಮೊರ ಎತ್ತಿ ತೋರಿಸ್ತೀನಿ.

ಚೌಕಟ್ಟಿಗೂ ಒಂದು ಕಾಯಿಲೆ ಇದೆ. ಮಕ್ಕಳು ಅರ್ಥ ಇಲ್ಲದೆ ತುಂಬಿಬಿಡ್ತಾರೆ. ಒಬ್ಬಳು ಅಕ್ಕಿಯಿಂದ ಕಲ್ಲನ್ನು ವಿನೋಯಿಂಗ್ ಮಾಡಿ ತೆಗೀತೀವಿ, ಯಾಕಂದ್ರೆ ಕಲ್ಲು ಹಗುರ ಅಂತ ಬರೆದಿದ್ದಳು. ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ತಪ್ಪಿಲ್ಲ! ಅದಕ್ಕೆ ಈಗ ನಾನೇ ಇಂಥ ಎರಡು ತಪ್ಪು ವಾಕ್ಯ ಬೋರ್ಡಿನ ಮೇಲೆ ಬರೆದು, ಎಲ್ಲಿ ತಪ್ಪು ಅಂತ ಕನ್ನಡದಲ್ಲಿ ಜಗಳ ಆಡಿಸ್ತೀನಿ.

ಇನ್ನು ಕಿರುಪರೀಕ್ಷೆ. ಕೊನೆಯ ಎರಡು ಪ್ರಶ್ನೆಗಳನ್ನು ಎರಡು ಭಾಷೆಯಲ್ಲೂ ಕೇಳ್ತೀನಿ, ಉತ್ತರವನ್ನೂ ಎರಡರಲ್ಲೂ ಬರೀಬೇಕು. ಕನ್ನಡದ್ದು ಸರಿ, ಇಂಗ್ಲಿಷಿನದ್ದು ತಪ್ಪು ಅಂದರೆ ಆ ಮಗುವಿಗೆ ವಾಕ್ಯ ಕಲಿಸಬೇಕು. ಎರಡೂ ತಪ್ಪಾದರೆ ಮೊರ ಮತ್ತೆ ತರಬೇಕು. ಇಂಗ್ಲಿಷ್ ಸರಿ, ಕನ್ನಡದಲ್ಲಿ ಏನೂ ಇಲ್ಲ ಅಂತಲೂ ಕೆಲವರದ್ದು ಬರುತ್ತೆ. ನನಗೆ ಜಾಸ್ತಿ ಭಯ ಅದೇ, ಅದು ಗೈಡಿನಿಂದ ಉರು ಹೊಡೆದದ್ದು. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದ್ದರೆ ಆ ಮಗುವೇ ಕ್ಲಾಸಿಗೆ ಫಸ್ಟು.

ಕನ್ನಡ ಯಾವಾಗ ಕಮ್ಮಿ ಮಾಡ್ತೀರಿ ಅಂತ ಸ್ಟಾಫ್‌ರೂಮಿನಲ್ಲಿ ಕೇಳ್ತಾರೆ. ದಸರಾ ರಜೆ ತನಕ ಪೂರ್ತಿ ಚೌಕಟ್ಟು ಕೊಡ್ತೀನಿ. ಆಮೇಲೆ ಅರ್ಧ ವಾಕ್ಯ, ಫೆಬ್ರವರಿ ಹೊತ್ತಿಗೆ ಶುರುವಿನ ಎರಡು ಪದ. ಆದರೆ ಹೊಸ ವಿಷಯದ ಮೊದಲ ಮಾತುಕತೆ ಕನ್ನಡದಲ್ಲೇ, ಅದನ್ನು ಏಳನೇ ಕ್ಲಾಸಿಗೂ ಬಿಡೋದಿಲ್ಲ. ಕೆನಡಾದಲ್ಲಿ ಜಿಮ್ ಕಮಿನ್ಸ್ ಅನ್ನೋ ಭಾಷಾ ಕಲಿಕೆಯ ಸಂಶೋಧಕರು ವಲಸೆ ಬಂದವರ ಮಕ್ಕಳ ವಿಷಯದಲ್ಲಿ ಹೇಳಿದ್ದು ನೆನಪಿರಲಿ: ಆಡುವ ಇಂಗ್ಲಿಷ್ 2 ವರ್ಷದಲ್ಲಿ ಬರಬಹುದು, ಪಾಠ ಕಲಿಯುವ ಇಂಗ್ಲಿಷಿಗೆ 5ರಿಂದ 7 ವರ್ಷ ಬೇಕು. ಆ ಮಕ್ಕಳಿಗೆ ಬೀದಿಯಲ್ಲೂ ಇಂಗ್ಲಿಷ್ ಕಿವಿಗೆ ಬೀಳುತ್ತಿತ್ತು. ನಮ್ಮ ಮಕ್ಕಳಿಗೆ ಕ್ಲಾಸಿನ ಬಾಗಿಲು ದಾಟಿದರೆ ಮುಗೀತು.

ಆ ಹುಡುಗನ ಸೊನ್ನೆ ಹೊಡೆದುಹಾಕಿ ಅಂಕ ಕೊಟ್ಟೆ, ಮತ್ತೆ ಬರೆದುಕೊಂಡು ಬಾ ಅಂದೆ. ಮೊದಲ ವಾಕ್ಯ ಸರಿಯಾಗಿತ್ತು, "ಹಸ್ಕ್ ಫ್ಲೈಸ್ ಬಿಕಾಸ್ ಇಟ್ ಈಸ್ ಲೈಟರ್ ದ್ಯಾನ್ ಗ್ರೇನ್." ಅದರ ಕೆಳಗೆ ನಾನು ಕೇಳದೇ ಇದ್ದ ಇನ್ನೊಂದು ಸಾಲು ಇತ್ತು: "ಸಮ್ ಗ್ರೇನ್ ಆಲ್ಸೋ ಫ್ಲೈ ಬಿಕಾಸ್ ಇನ್‌ಸೈಡ್ ನಥಿಂಗ್." ಜೊಳ್ಳು! ಇಂಗ್ಲಿಷ್ ಮೇಡಂಗೆ ತೋರಿಸಿದೆ. ಅವರು ನಕ್ಕು "ಗ್ರೇನ್" ಮುಂದೆ ಕೆಂಪು ಪೆನ್ನಿನಲ್ಲಿ ಒಂದು "ಸ್" ಸೇರಿಸಿದರು. "ಬಿಕಾಸ್" ಅನ್ನು ಮುಟ್ಟಲಿಲ್ಲ.